ಒಂದೇ ತರಹದ ಫೋಟೋಗಳಲ್ಲಿ ಒಂದನ್ನು ಆರಿಸುವುದು ಹೇಗೆ?

ಪ್ರಶ್ನೆ: ತಂಗಿಗೆ ಗಂಡು ನೋಡುತ್ತಿದ್ದೇವೆ. ಸ್ಟುಡಿಯೋದಲ್ಲಿ ತೆಗೆಸಿದ ಮೂವತ್ತಕ್ಕೂ ಹೆಚ್ಚು ಫೋಟೋ ಬಂದಿವೆ. ಎಲ್ಲದರಲ್ಲೂ ಒಂದೇ ಸೀರೆ, ಹೆಚ್ಚುಕಡಿಮೆ ಒಂದೇ ಭಂಗಿ. ಅವಳಿಗೆ ಒಂದು ಇಷ್ಟ, ಅಮ್ಮನಿಗೆ ಇನ್ನೊಂದು, ನನಗೆ ಮತ್ತೊಂದು. ಕೆಲಸ ಹುಡುಕುವ ಪ್ರೊಫೈಲಿಗೂ ಇದರಲ್ಲೇ ಒಂದನ್ನು ಹಾಕಬೇಕೆಂದಿದ್ದಾಳೆ. ಯಾವುದನ್ನು ಆರಿಸುವುದು?

ಉತ್ತರ: ಶಿವಮೊಗ್ಗದಲ್ಲಿ ಸ್ಟುಡಿಯೋ ನಡೆಸುತ್ತೇನೆ. ಬಯೋಡೇಟಾ ಫೋಟೋ ನಮ್ಮಲ್ಲಿ ದಿನನಿತ್ಯದ ಕೆಲಸ. ಫೋಟೋ ತೆಗೆಯುವುದಕ್ಕಿಂತ ಆರಿಸುವಾಗಲೇ ಹೆಚ್ಚು ಮನೆಗಳು ಎಡವುತ್ತವೆ. ಕೊನೆಯ ಆಯ್ಕೆಯನ್ನು ತಂಗಿಗೂ ಬಿಡಬೇಡಿ, ಅಮ್ಮನಿಗೂ ಬಿಡಬೇಡಿ, ನೀವೂ ಮಾಡಬೇಡಿ. ತಂಗಿಯನ್ನು ಎಂದೂ ಕಂಡಿರದ ಮೂರು ನಾಲ್ಕು ಜನ ಅದನ್ನು ಮಾಡಲಿ. ತಂಗಿಗೆ ಇರಬೇಕಾದದ್ದು ‘ಇದು ಬೇಡ’ ಎನ್ನುವ ಹಕ್ಕು. ಅವಳು ಬೇಡವೆಂದ ಫೋಟೋ ಯಾವ ಕಾರಣಕ್ಕೂ ಮನೆಯಿಂದ ಹೊರಗೆ ಹೋಗಬಾರದು.

ಇದಕ್ಕೆ ಕಾರಣ ಕನ್ನಡಿ. ನಾವು ನಮ್ಮ ಮುಖವನ್ನು ದಿನವೂ ನೋಡುವುದು ಕನ್ನಡಿಯಲ್ಲಿ, ಅಂದರೆ ಎಡ ಬಲ ಅದಲುಬದಲಾಗಿ. ಯಾರ ಮುಖದ ಎರಡು ಬದಿಯೂ ಒಂದೇ ಸಮ ಇರುವುದಿಲ್ಲ. ಒಂದು ಹುಬ್ಬು ತುಸು ಮೇಲಿರುತ್ತದೆ, ನಕ್ಕಾಗ ಬಾಯಿಯ ಒಂದು ಕೊನೆ ಮೊದಲು ಏಳುತ್ತದೆ. ಕನ್ನಡಿಯಲ್ಲಿ ಅದಕ್ಕೆ ಕಣ್ಣು ಒಗ್ಗಿಹೋಗಿರುತ್ತದೆ. ಫೋಟೋದಲ್ಲಿ ಅದೇ ಓರೆ ಎದುರು ಬದಿಗೆ ಬಂದಾಗ ‘ನನ್ನ ಮುಖ ಸೊಟ್ಟಗೆ ಬಂದಿದೆ’ ಎನಿಸುತ್ತದೆ. 1977ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದರು. ಒಂದೇ ಫೋಟೋದ ನೇರ ಪ್ರತಿ ಮತ್ತು ತಿರುವಿದ ಪ್ರತಿಯನ್ನು ಮುಂದಿಟ್ಟಾಗ, ಫೋಟೋದಲ್ಲಿದ್ದವರು ಹೆಚ್ಚಾಗಿ ತಿರುವಿದ್ದನ್ನು ಮೆಚ್ಚಿದರು, ಅವರ ಗೆಳತಿಯರು ನೇರ ಇರುವುದನ್ನು ಮೆಚ್ಚಿದರು. ನಿಮ್ಮ ತಂಗಿ ಯಾವುದಾದರೂ ಫೋಟೋವನ್ನು ‘ಸೊಟ್ಟಗಿದೆ’ ಎಂದು ತಳ್ಳಿದರೆ, ಮೊಬೈಲಿನ ಗ್ಯಾಲರಿಯಲ್ಲೇ ಅದನ್ನು ಕನ್ನಡಿಯಲ್ಲಿ ಕಾಣುವಂತೆ ಎಡ ಬಲ ತಿರುವಿ ಒಮ್ಮೆ ತೋರಿಸಿ. ‘ಈಗ ಸರಿಯಾಗಿದೆ’ ಎಂದರೆ ದೋಷ ಫೋಟೋದಲ್ಲಿಲ್ಲ ಎಂದು ಅವಳಿಗೇ ತಿಳಿಯುತ್ತದೆ. ಆದರೆ ತಿರುವಿದ ಪ್ರತಿಯನ್ನು ಯಾರಿಗೂ ಕಳುಹಿಸಬೇಡಿ. ಎಡ ಹೆಗಲ ಮೇಲಿದ್ದ ಸೆರಗು ಬಲ ಹೆಗಲಿಗೆ ಬಂದಿರುತ್ತದೆ, ಮೂಗುಬೊಟ್ಟು ಇನ್ನೊಂದು ಹೊಳ್ಳೆಗೆ ಹೋಗಿರುತ್ತದೆ. ಗಂಡಿನ ಮನೆಯ ಹೆಂಗಸರು ಇದನ್ನು ನೋಡಿದ ಕೂಡಲೇ ಹಿಡಿಯುತ್ತಾರೆ. ಗಂಡಸರ ಫೋಟೋದಲ್ಲಾದರೆ ಶರಟಿನ ಜೇಬು ಬಲಗಡೆಗೆ ಬಂದು ಗುಟ್ಟು ಬಯಲಾಗುತ್ತದೆ.

ಕನ್ನಡಿಯ ಮಾತು ಹಾಗಿರಲಿ, ತಮ್ಮ ಫೋಟೋವನ್ನು ತಾವೇ ಆರಿಸುವುದು ಒಟ್ಟಾರೆಯಾಗಿಯೇ ಕಷ್ಟ. ಆಸ್ಟ್ರೇಲಿಯಾದ ಸಂಶೋಧಕರ ತಂಡವೊಂದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರು ತಾವೇ ಆರಿಸಿಕೊಂಡ ಫೋಟೋಗಳಿಗಿಂತ ಅಪರಿಚಿತರು ಆರಿಸಿದ ಅವರದೇ ಫೋಟೋಗಳು ನೋಡುವವರಲ್ಲಿ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿದವು. ಮನೆಯವರ ಕಣ್ಣಿಗೆ ಬೇರೆಯದೇ ಕಷ್ಟವಿದೆ. ಅಮ್ಮ ಸೀರೆಯ ಅಂಚು, ಸರ, ಜಡೆ ಎಲ್ಲ ಕಾಣುವುದನ್ನು ಹುಡುಕುತ್ತಾರೆ. ಚಿಕ್ಕಮ್ಮ ಬಣ್ಣ ತಿಳಿಯಾಗಿ ಬಂದಿರುವುದನ್ನು ಹುಡುಕುತ್ತಾರೆ. ಪ್ರೀತಿಯಿಂದಲೇ ಹುಡುಕುತ್ತಾರೆ, ಆದರೆ ಅವರು ಆರಿಸುವುದು ಮುಖವನ್ನಲ್ಲ.

ಹೊರಗಿನವರಿಗೆ ಮೂವತ್ತೂ ಫೋಟೋ ತೋರಿಸಿದರೆ ಹತ್ತು ದಾಟುವಷ್ಟರಲ್ಲಿ ಅವರ ಕಣ್ಣು ಸೋತಿರುತ್ತದೆ. ಆದ್ದರಿಂದ ಮೊದಲು ನೀವೇ ಅದನ್ನು ಆರಕ್ಕೆ ಇಳಿಸಬೇಕು. ಇದರಲ್ಲಿ ರುಚಿಯ ಪ್ರಶ್ನೆ ಇಲ್ಲ, ಬರೀ ತಪಾಸಣೆ. ಸಾಧ್ಯವಾದರೆ ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ಕುಳಿತು ಮಾಡಿ.

ಪ್ರತಿ ಫೋಟೋವನ್ನೂ ಕಣ್ಣಿನ ತನಕ ಹಿಗ್ಗಿಸಿ. ರೆಪ್ಪೆಗೂದಲು ಒಂದೊಂದಾಗಿ ಕಾಣಬೇಕು. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದ್ದರೆ ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಾದರೂ ಚೂಪಾಗಿರಲೇಬೇಕು. ಕಣ್ಣು ಮಸುಕಾಗಿದ್ದು ಕಿವಿಯ ಓಲೆಯೋ ಸೀರೆಯ ಜರಿಯೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ ಎಂದರ್ಥ. ಎಲ್ಲವೂ ಮಸುಕಾಗಿದ್ದು, ಕಣ್ಣಿನೊಳಗೆ ಹೊಳೆಯುವ ದೀಪದ ಚುಕ್ಕೆ ಗೆರೆಯಂತೆ ಎಳೆದಿದ್ದರೆ ಕ್ಯಾಮೆರಾವೋ ತಲೆಯೋ ಅಲುಗಾಡಿದೆ. ಎರಡನ್ನೂ ಆಮೇಲೆ ಚೆನ್ನಾಗಿ ಸರಿಪಡಿಸಲಾಗುವುದಿಲ್ಲ. ಅವುಗಳನ್ನು ಪಕ್ಕಕ್ಕಿಡಿ.

ಅದೇ ಹಿಗ್ಗಿಸಿದ ಕಣ್ಣಿನಲ್ಲಿ ರೆಪ್ಪೆಯನ್ನೂ ನೋಡಿ. ಮೇಲಿನ ರೆಪ್ಪೆ ಕಣ್ಣಿನ ಕಪ್ಪು ಭಾಗದ ಅಂಚನ್ನು ಸ್ವಲ್ಪ ಮುಚ್ಚಿರುವುದು ಸಹಜ. ಅದು ನಡುವಿನ ಪಾಪೆಯನ್ನು ಮುಟ್ಟಿದ್ದರೆ ಅರ್ಧ ಮಿಟುಕು. ದೊಡ್ಡದಾಗಿ ನೋಡಿದಾಗ ಇದು ತಿಳಿಯದೆ ಹೋಗಬಹುದು, ಆದರೆ ಚಿಕ್ಕ ಫೋಟೋದಲ್ಲಿ ನಿದ್ದೆಗಣ್ಣಿನಂತೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ ಕಪ್ಪು ಭಾಗದ ಮೇಲೂ ಬಿಳಿ ಕಾಣುತ್ತಿದ್ದರೆ ಗಾಬರಿಯಾದಂತೆ ಇರುತ್ತದೆ. ಫ್ಲಾಶ್ ಹೊಡೆಯುವ ಮುನ್ನ ಹೆದರಿ ಕಣ್ಣು ಅಗಲಿಸಿದವರಲ್ಲಿ ಇದು ಸಾಮಾನ್ಯ.

ಇನ್ನು ನಗು. ಬೆರಳಿನಿಂದ ಬಾಯಿಯನ್ನು ಮುಚ್ಚಿ ಕಣ್ಣನ್ನು ಮಾತ್ರ ನೋಡಿ. ನಿಜವಾಗಿ ನಕ್ಕಾಗ ಕೆನ್ನೆ ಮೇಲೇರಿ ಕೆಳರೆಪ್ಪೆಯನ್ನು ಕೊಂಚ ಎತ್ತುತ್ತದೆ, ಕಣ್ಣಿನ ಹೊರ ಮೂಲೆಯಲ್ಲಿ ಸಣ್ಣ ಸುಕ್ಕು ಬರುತ್ತದೆ. ಬಾಯಿ ಮುಚ್ಚಿದಾಗಲೂ ಈ ಮುಖ ನಗುತ್ತಿದೆ ಎನಿಸಿದರೆ ಇಟ್ಟುಕೊಳ್ಳಿ. ಒಂದೇ ಭಂಗಿಯ ಸಾಲು ಫೋಟೋಗಳನ್ನು ತೆಗೆದ ಕ್ರಮದಲ್ಲಿಯೇ ನೋಡಿದರೆ ಇದು ಇನ್ನೂ ಸ್ಪಷ್ಟ. ನಗು ಮೂಡಿ, ಅರಳಿ, ಆಮೇಲೆ ಹಿಡಿದಿಟ್ಟಂತಾಗುತ್ತದೆ. ‘ಹಾಗೇ ಇರಿ, ಇನ್ನೊಂದು’ ಎಂದು ನಾವು ಹೇಳಿದ ನಂತರದ ಫೋಟೋಗಳಲ್ಲಿ ತುಟಿ ಅಲ್ಲಿಯೇ ಇರುತ್ತದೆ, ಕಣ್ಣು ಮಾತ್ರ ಸುಸ್ತಾಗಿರುತ್ತದೆ. ಆ ಸುಕ್ಕನ್ನು ಎಡಿಟಿಂಗಿನಲ್ಲಿ ಅಳಿಸಲು ಹೇಳಬೇಡಿ, ನಗು ಇರುವುದೇ ಅಲ್ಲಿ.

ಉಳಿದದ್ದು ಹತ್ತೋ ಹನ್ನೆರಡೋ ಆದರೆ, ಎರಡೆರಡನ್ನು ಅಕ್ಕಪಕ್ಕ ಇಟ್ಟು ಗೆದ್ದದ್ದನ್ನು ಉಳಿಸಿಕೊಂಡು ಮುಂದಕ್ಕೆ ಹೋಗಿ. ಒಂದಾದ ಮೇಲೊಂದು ಸರಿಸುತ್ತ ನೋಡಿದರೆ ಹಿಂದಿನದು ನೆನಪಿನಲ್ಲಿ ನಿಲ್ಲುವುದಿಲ್ಲ. ಎರಡೂ ಒಂದೇ ಅಳತೆಯಲ್ಲಿ, ಒಂದೇ ಪರದೆಯ ಮೇಲೆ ಇರಲಿ.

ಈಗ ಹೊರಗಿನವರ ಸರದಿ. ಈಚೆಗೆ ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿಯ ವಿಷಯ ಹೇಳಿದರೆ ಇದು ಸುಲಭವಾಗಿ ತಿಳಿಯುತ್ತದೆ. ತಪಾಸಣೆಯಲ್ಲಿ ಆರು ಫೋಟೋ ಉಳಿದಿದ್ದವು. ಮೊದಲು ಅವುಗಳನ್ನು ಅವಳ ಜೊತೆಗೆ ಕೆಲಸ ಮಾಡುವ ಗೆಳತಿಗೆ ತೋರಿಸಿ, ‘ದಿನವೂ ನೋಡುವ ಹಾಗೆ ಇರುವುದು ಯಾವುದು?’ ಎಂದಷ್ಟೇ ಕೇಳಲು ಹೇಳಿದೆ. ಗೆಳತಿ ಎರಡನ್ನು ತೆಗೆದುಹಾಕಿದಳು. ಒಂದರಲ್ಲಿ ಗದ್ದ ಕೆಳಗಿಟ್ಟು ಕಣ್ಣೆತ್ತಿ ನೋಡಿದ್ದರಿಂದ ಮುಖ ಇರುವುದಕ್ಕಿಂತ ಸಣ್ಣದಾಗಿತ್ತು. ಇನ್ನೊಂದು ಅಮ್ಮ ಮೆಚ್ಚಿದ್ದು. ಅದರಲ್ಲಿ ಮುಖವನ್ನು ಬೆಳ್ಳಗೆ ಮಾಡಲಾಗಿತ್ತು, ಕತ್ತು ಮತ್ತು ಕೈ ಮೊದಲಿನ ಬಣ್ಣದಲ್ಲೇ ಇದ್ದವು. ಈ ಹಂತವನ್ನು ಬಿಡಬೇಡಿ. ಒಬ್ಬರದೇ ಫೋಟೋಗಳು ಒಂದಕ್ಕಿಂತ ಒಂದು ಎಷ್ಟು ಬೇರೆಯಾಗಿರಬಲ್ಲವು ಎಂದರೆ, 2011ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಇಬ್ಬರೇ ವ್ಯಕ್ತಿಗಳ 40 ಫೋಟೋಗಳನ್ನು ಕೊಟ್ಟು ವಿಂಗಡಿಸಲು ಹೇಳಿದಾಗ, ಅವರನ್ನು ತಿಳಿಯದವರು ಅದರಲ್ಲಿ ಏಳೆಂಟು ಜನರಿದ್ದಾರೆಂದು ಭಾವಿಸಿದರು. ಹೆಣ್ಣು ನೋಡಲು ಬಂದವರು ಬಾಗಿಲಲ್ಲೇ ಮುಖ ಮುಖ ನೋಡಿಕೊಳ್ಳುವ ಪರಿಸ್ಥಿತಿ ಯಾವ ಹುಡುಗಿಗೂ ಬರಬಾರದು. ಆ ನೋವನ್ನು ನಾನು ಕಂಡಿದ್ದೇನೆ, ಅದಕ್ಕಾಗಿಯೇ ಬೆಳ್ಳಗೆ ಮಾಡಿಕೊಡಿ ಎಂದರೆ ಒಪ್ಪುವುದಿಲ್ಲ.

ಉಳಿದ ನಾಲ್ಕನ್ನು ಅವಳನ್ನು ಕಂಡಿರದ ನಾಲ್ವರಿಗೆ ಕಳುಹಿಸಿದರು. ಗೆಳತಿಯ ಅತ್ತೆ, ಅಣ್ಣನ ಕಚೇರಿಯ ಇಬ್ಬರು, ನೆರೆಮನೆಗೆ ಬಂದಿದ್ದ ನೆಂಟರೊಬ್ಬರು. ‘ಯಾವುದು ಚೆನ್ನಾಗಿದೆ?’ ಎಂದು ಕೇಳಿದರೆ ಜನ ಸೀರೆಯನ್ನೂ ಹಿನ್ನೆಲೆಯನ್ನೂ ಸೇರಿಸಿ ಉತ್ತರಿಸುತ್ತಾರೆ. ಅದಕ್ಕೇ ಎರಡು ಪ್ರಶ್ನೆ ಬರೆದುಕೊಟ್ಟಿದ್ದೆ: ‘ಯಾರೊಂದಿಗೆ ಕುಳಿತು ಮಾತಾಡಬೇಕೆನಿಸುತ್ತದೆ?’, ‘ಯಾರಿಗೆ ಜವಾಬ್ದಾರಿಯ ಕೆಲಸ ಒಪ್ಪಿಸಬಹುದು ಎನಿಸುತ್ತದೆ?’ ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಬೇರೆ ಬೇರೆಯಾಗಿಯೇ ಕೇಳಬೇಕು. ಕುಟುಂಬದ ಗುಂಪಿನಲ್ಲಿ ಹಾಕಿದರೆ ಮೊದಲು ಉತ್ತರಿಸಿದ ಹಿರಿಯರ ಮಾತಿಗೆ ಉಳಿದವರೆಲ್ಲ ಹೂಂ ಎನ್ನುತ್ತಾರೆ.

ಮೊದಲ ಪ್ರಶ್ನೆಗೆ ಮೂವರು ಒಂದೇ ಫೋಟೋ ಹೇಳಿದರು. ಹಲ್ಲು ಕಾಣುವ ನಗು, ತಲೆ ಸ್ವಲ್ಪ ವಾಲಿತ್ತು. ಎರಡನೆಯ ಪ್ರಶ್ನೆಗೆ ಬಂದದ್ದು ಇನ್ನೊಂದು: ತುಟಿ ಮುಚ್ಚಿದ ಸಣ್ಣ ನಗು, ತಲೆ ನೇರ, ನೋಟ ಕ್ಯಾಮೆರಾದ ಮೇಲೆ. ಎರಡರ ನಡುವೆ ಕೆಲವೇ ಕ್ಷಣಗಳ ಅಂತರ. ನಿಮ್ಮ ತಂಗಿಯ ಫೋಟೋಗಳಲ್ಲೂ ಹೀಗೇ ಆಗುವ ಸಂಭವ ಹೆಚ್ಚು. ಹಾಗಾಗಿ ಎರಡು ಕೆಲಸಕ್ಕೂ ಒಂದೇ ಫೋಟೋ ಹುಡುಕಲು ಹೋಗಬೇಡಿ. ಉದ್ಯೋಗದ ಪ್ರೊಫೈಲಿಗೆ ರೇಷ್ಮೆ ಸೀರೆ, ಒಡವೆ ಅಡ್ಡಬರುತ್ತವೆಯೇ ಎಂಬ ಚಿಂತೆ ಇದ್ದರೆ, ಭುಜದ ತನಕ ಮಾತ್ರ ಕತ್ತರಿಸಿ ನೋಡಿ. ಆಗಲೂ ಹಾರ, ಜುಮುಕಿಯೇ ಮೊದಲು ಕಣ್ಣಿಗೆ ಬಿದ್ದರೆ ಕಾಟನ್ ಸೀರೆಯಲ್ಲೋ ಚೂಡಿದಾರದಲ್ಲೋ ಇನ್ನೊಂದು ತೆಗೆಸುವುದೇ ಒಳ್ಳೆಯದು. ಬ್ಯಾಂಕ್ ಅಥವಾ ಸರ್ಕಾರಿ ಪರೀಕ್ಷೆಯ ಅರ್ಜಿಗೆ ಈ ಯಾವುದೂ ಅನ್ವಯಿಸದು. ಅದು ಗುರುತಿನ ಫೋಟೋ, ಅವರು ಹೇಳಿದ ಅಳತೆ ಮತ್ತು ಹಿನ್ನೆಲೆ ಇದ್ದರೆ ಸಾಕು.

ಅಪರಿಚಿತರಿಗೆ ಕಳುಹಿಸುವ ಮುನ್ನ ನಾಲ್ಕನ್ನೂ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹೆಚ್ಚಿನ ತಾಣಗಳಲ್ಲಿ ಮೊದಲು ಕಾಣುವುದು ಅಷ್ಟೇ, ಅದೂ ಹಲವು ಕಡೆ ವೃತ್ತದೊಳಗೆ. ಆ ಅಳತೆಯಲ್ಲಿ ಮುಖ ಗುರುತು ಸಿಗಬೇಕು, ಜಡೆಯ ಹೂವು ವೃತ್ತದ ಅಂಚಿಗೆ ತುಂಡಾಗಬಾರದು, ಕಪ್ಪು ಕೂದಲು ಕಡು ಹಿನ್ನೆಲೆಯಲ್ಲಿ ಕರಗಿಹೋಗಬಾರದು. ಪೂರ್ತಿ ನಿಂತ ಫೋಟೋ ಎರಡನೆಯದಾಗಿ ಇರಲಿ, ಮೊದಲನೆಯದಾಗಿ ಬೇಡ.

ಸ್ಟುಡಿಯೋದವರು ವಾಟ್ಸಾಪಿನಲ್ಲಿ ಫೋಟೋವಾಗಿ ಕಳುಹಿಸಿದ್ದರೆ ಅವು ಕುಗ್ಗಿದ ಪ್ರತಿಗಳು. ಅವುಗಳಲ್ಲಿ ರೆಪ್ಪೆಗೂದಲಿನ ತಪಾಸಣೆ ಸಾಧ್ಯವಿಲ್ಲ. ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವ್ ಕೊಟ್ಟು ಮೂಲ ಫೈಲುಗಳನ್ನೇ ತನ್ನಿ. ಎಡಿಟ್ ಮಾಡದ ಪ್ರತಿಗಳೂ ಬೇಕೆಂದು ಅಲ್ಲಿಯೇ ಕೇಳಿ.