ಸಂಪಾದಕರ ಉತ್ತರ: ದೆಕಾರ್ತನ ಸುತ್ತು ಎಲ್ಲಿದೆ?

*ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಫ್ರೆಂಚ್ ತತ್ತ್ವಜ್ಞ ದೆಕಾರ್ತ್ ಬಗ್ಗೆ ಬಂದ ಲೇಖನ ಓದಿದೆ. ‘ಯೋಚಿಸುತ್ತಿದ್ದೇನೆ, ಆದ್ದರಿಂದ ಇದ್ದೇನೆ’ ಎನ್ನುವಾಗ ‘ನಾನು’ ಮೊದಲೇ ಒಳಗೆ ಬಂದು ಕೂತಿರುತ್ತಾನಲ್ಲ? ಇದ್ದಾನೆ ಎಂದು ಒಪ್ಪಿಕೊಂಡೇ ಇದ್ದಾನೆ ಎಂದು ಸಾಧಿಸಿದ ಹಾಗಾಯಿತು. ಇದು ಸುತ್ತುವಾದ ಎಂದು ಅವನ ಕಾಲದವರೇ ಹೇಳಿದ್ದರಂತೆ. ಇದರ ಮೇಲೆ ನಿಶ್ಚಿತ ಜ್ಞಾನದ ಕಟ್ಟಡ ಹೇಗೆ ನಿಂತೀತು?*
*— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು*

ಅವನ ಕಾಲದವರು ಹೇಳಿದ ಸುತ್ತು ಬೇರೆ, ನೀವು ತೋರಿಸುತ್ತಿರುವ ಸುತ್ತು ಬೇರೆ. ನಮ್ಮ ತರ್ಕಶಾಸ್ತ್ರದಲ್ಲಿ ಇವೆರಡಕ್ಕೂ ಪ್ರತ್ಯೇಕ ಹೆಸರುಗಳೇ ಇವೆ. ಒಂದು ಮಾತು ತನ್ನನ್ನೇ ಆಧಾರವಾಗಿ ಹಿಡಿದರೆ ಅದು ಆತ್ಮಾಶ್ರಯ. ಎರಡು ಮಾತುಗಳು ಒಂದಕ್ಕೊಂದು ಆಧಾರವಾದರೆ ಅನ್ಯೋನ್ಯಾಶ್ರಯ. ‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಯಲ್ಲಿರುವುದು ಈ ಎರಡನೆಯ ದೋಷ. ನೀವು ಹೊರಿಸಿರುವುದು ಮೊದಲನೆಯದನ್ನು. ಅದಕ್ಕೆ ದೆಕಾರ್ತನ ಬಳಿ ಒಳ್ಳೆಯ ಉತ್ತರವಿದೆ. ಎರಡನೆಯದಕ್ಕೆ ಅವನು ಕೊಟ್ಟದ್ದು ನಮ್ಮ ಲೆಕ್ಕದಲ್ಲಿ ಅರ್ಧ ಉತ್ತರ.

ಮೊದಲು, ಶಂಕೆಗೆ ಎಡೆಯಿಲ್ಲದ್ದು ಯಾವುದು ಎಂದು ಹುಡುಕುತ್ತ ದೆಕಾರ್ತ್ ಹತ್ತಿದ ಸಂಶಯದ ಮೆಟ್ಟಿಲುಗಳನ್ನು ನೋಡೋಣ, ಏಕೆಂದರೆ ಸುತ್ತು ಹುಟ್ಟುವುದು ಕೊನೆಯ ಮೆಟ್ಟಿಲಿನಲ್ಲಿ. ನೀವು ಬ್ಯೂಗಲ್ ರಾಕ್ ಉದ್ಯಾನದ ಬೆಂಚಿನ ಮೇಲೆ ಕೂತು ಈ ಪುಟ ಓದುತ್ತಿದ್ದೀರಿ ಎನ್ನಿ. ದೂರದಲ್ಲಿ ಬರುವ ಬಸ್ಸಿನ ನಂಬರನ್ನು ಕಣ್ಣು ತಪ್ಪಾಗಿ ಓದಬಹುದು. ಆದರೆ ಕೈಯಲ್ಲಿರುವ ಪುಟವನ್ನು ಅಷ್ಟು ಸುಲಭಕ್ಕೆ ಶಂಕಿಸಲಾಗದು. ಅದಕ್ಕೆ ಎರಡನೆಯ ಮೆಟ್ಟಿಲು: ಇದೆಲ್ಲ ಕನಸಾಗಿದ್ದರೆ? ಆಗ ಪುಟ, ಬೆಂಚು, ಉದ್ಯಾನ ಎಲ್ಲವೂ ಹೋದವು. ಆದರೂ ಕನಸಿನಲ್ಲೂ ಎರಡಕ್ಕೆ ಮೂರು ಸೇರಿದರೆ ಐದೇ. ಈ ಲೆಕ್ಕವನ್ನೂ ಅಲುಗಾಡಿಸಲು ಮೂರನೆಯ ಮೆಟ್ಟಿಲು ಬೇಕಾಯಿತು: ಮಹಾಶಕ್ತನಾದ ವಂಚಕನೊಬ್ಬ ನಾನು ಕೂಡಿಸಿದಾಗಲೆಲ್ಲ ತಪ್ಪುವಂತೆ ಮಾಡುತ್ತಿದ್ದರೆ? ಇಲ್ಲಿ ಯಾವುದನ್ನೂ ಸುಳ್ಳೆಂದು ಸಾಧಿಸಿಲ್ಲ. ಶಂಕೆಗೆ ಎಡೆಯಿರುವುದನ್ನು ಸದ್ಯಕ್ಕೆ ಸುಳ್ಳೆಂದೇ ಎಣಿಸಿ ಬದಿಗಿಡುವುದಷ್ಟೇ ನಿಯಮ.

ಆ ವಂಚಕನಿಗೂ ಒಂದು ಕಡೆ ಕೈ ಕಟ್ಟುತ್ತದೆ. ಅವನು ನನ್ನನ್ನು ಮೋಸಗೊಳಿಸಬೇಕಾದರೆ ಮೋಸಹೋಗಲು ನಾನಿರಬೇಕು. ನೀವು ಉಲ್ಲೇಖಿಸಿದ ‘ಆದ್ದರಿಂದ’ 1637ರ ಫ್ರೆಂಚ್ ಪುಸ್ತಕದಲ್ಲೂ 1644ರ ಲ್ಯಾಟಿನ್ ಪುಸ್ತಕದಲ್ಲೂ ಇದೆ. ಆದರೆ ಈ ವಾದವನ್ನು ನಿಧಾನವಾಗಿ ಬಿಡಿಸಿದ 1641ರ ‘ಧ್ಯಾನಗಳು’ ಕೃತಿಯ ಎರಡನೆಯ ಧ್ಯಾನದಲ್ಲಿ ಆ ಪದವಿಲ್ಲ. ಅಲ್ಲಿರುವುದು ಇಷ್ಟು: ‘ನಾನಿದ್ದೇನೆ’ ಎಂಬ ಮಾತು, ನಾನು ಅದನ್ನು ಆಡಿದಾಗಲೆಲ್ಲ ಅಥವಾ ಮನಸ್ಸಿನಲ್ಲಿ ತಂದುಕೊಂಡಾಗಲೆಲ್ಲ, ನಿಜವಾಗಿಯೇ ಇರಬೇಕು. ‘ಯೋಚಿಸುವುದೆಲ್ಲ ಇರುತ್ತದೆ, ನಾನು ಯೋಚಿಸುತ್ತೇನೆ, ಆದ್ದರಿಂದ...’ ಎಂಬ ತರ್ಕಸರಣಿ ಇದಲ್ಲ ಎಂದು ದೆಕಾರ್ತನೇ, ಆ ಕೃತಿಯ ಜೊತೆಗೇ ಅಚ್ಚಾದ ಆಕ್ಷೇಪಗಳಿಗೆ ಉತ್ತರಿಸುವಾಗ ಬರೆದ. ‘ನಾನಿಲ್ಲ’ ಎಂದು ಮನಸ್ಸಿನಲ್ಲಿ ಅಂದುಕೊಂಡು ನೋಡಿ. ಅಂದುಕೊಳ್ಳುವ ಕೆಲಸವೇ ಆ ಮಾತನ್ನು ಕೆಡಿಸುತ್ತದೆ. ಇಲ್ಲಿ ಆಧಾರವಾಕ್ಯದಿಂದ ತೀರ್ಮಾನಕ್ಕೆ ಹೋಗುವ ದಾರಿಯೇ ಇಲ್ಲ. ದಾರಿಯಿಲ್ಲದ ಕಡೆ ಸುತ್ತುದಾರಿಯೂ ಇರದು.

ಇದೇ ಲೆಕ್ಕದಲ್ಲಿ ಬೇರೆ ಯಾವ ಕ್ರಿಯೆಯಿಂದಲಾದರೂ ‘ಇದ್ದೇನೆ’ ಎನ್ನಬಹುದಲ್ಲ ಎಂದು ಅವನ ಕಾಲದ ತತ್ತ್ವಜ್ಞ ಗಾಸೆಂದಿ ಕೇಳಿದ್ದ. ‘ನಡೆಯುತ್ತಿದ್ದೇನೆ, ಆದ್ದರಿಂದ ಇದ್ದೇನೆ’ ಎಂದರೆ ಆದೀತೇ? ಆಗುವುದಿಲ್ಲ. ಗಾಂಧಿ ಬಜಾರಿನಲ್ಲಿ ನಡೆಯುತ್ತಿರುವಂತೆ ಕನಸು ಬಿದ್ದಿರಬಹುದು, ಕಾಲು ಹಾಸಿಗೆಯ ಮೇಲೇ ಇರಬಹುದು. ‘ನಡೆಯುತ್ತಿರುವಂತೆ ಅನ್ನಿಸುತ್ತಿದೆ’ ಎಂದರೆ ಮಾತ್ರ ಶಂಕೆ ಮುಟ್ಟದು. ಆದರೆ ಅನ್ನಿಸುವುದು ಯೋಚನೆಯ ಜಾತಿಗೇ ಸೇರಿದ್ದು.

ನಿಮ್ಮ ಮಾತಿನಲ್ಲಿ ಒಂದು ಮುಳ್ಳು ಮಾತ್ರ ಉಳಿಯುತ್ತದೆ. ‘ಅನ್ನಿಸುತ್ತಿದೆ’ ಎಂದು ನಾವು ಕನ್ನಡದಲ್ಲಿ ‘ನಾನು’ ಇಲ್ಲದೆಯೇ ಹೇಳಿಬಿಡುತ್ತೇವೆ, ‘ಮಳೆ ಬರುತ್ತಿದೆ’ ಎಂದಷ್ಟೇ ಸಲೀಸಾಗಿ. ಯೋಚನೆ ನಡೆದಿದೆ ಎನ್ನಬಹುದು, ನಾನು ಯೋಚಿಸುತ್ತಿದ್ದೇನೆ ಎಂದರೆ ಜಾಸ್ತಿಯಾಯಿತು ಎಂಬ ಈ ಆಕ್ಷೇಪವನ್ನು 18ನೆಯ ಶತಮಾನದಲ್ಲಿ ಎತ್ತಿದವನು ಜರ್ಮನಿಯ ಲಿಕ್ಟೆನ್‌ಬರ್ಗ್. ನಿನ್ನೆಯಿಂದ ಇವತ್ತಿನವರೆಗೆ ಒಬ್ಬನೇ ಆಗಿ ಉಳಿದ, ಹೆಸರು ವಿಳಾಸವಿರುವ ‘ನಾನು’ ಈ ವಾದದಿಂದ ಸಿಗುವುದಿಲ್ಲ ಎಂಬಷ್ಟರ ಮಟ್ಟಿಗೆ ಅವನ ಮಾತು ಸರಿ. ಯೋಚಿಸುವಷ್ಟು ಹೊತ್ತು ಮಾತ್ರ ಈ ಖಾತರಿ ಎಂದು ದೆಕಾರ್ತನೂ ಒಪ್ಪುತ್ತಾನೆ.

ಈಗ ನಿಜವಾದ ಸುತ್ತಿಗೆ ಬರೋಣ. ಒಂದೇ ಇಟ್ಟಿಗೆಯಿಂದ ಮನೆಯಾಗದು. ಅದಕ್ಕೇ ಮೂರನೆಯ ಧ್ಯಾನದಲ್ಲಿ ಅವನು ಆ ಇಟ್ಟಿಗೆಯನ್ನು ತಿರುಗಿಸಿ ನೋಡುತ್ತಾನೆ: ಇದು ಇಷ್ಟು ನಿಶ್ಚಿತವಾದದ್ದು ಹೇಗೆ? ಸ್ಪಷ್ಟವಾಗಿ, ಬಿಡಿಯಾಗಿ ಕಂಡದ್ದರಿಂದ. ಹಾಗಾದರೆ ಹೀಗೆ ಕಂಡದ್ದೆಲ್ಲ ನಿಜ ಎಂಬ ನಿಯಮ ಮಾಡಬಹುದೇ? ವಂಚಕನಿರುವ ತನಕ ಆಗದು. ವಂಚಿಸದ ದೇವರಿದ್ದಾನೆಂದು ಸಾಧಿಸಿದರೆ ವಂಚಕ ತೊಲಗುತ್ತಾನೆ. ಆದರೆ ಆ ಸಾಧನೆಯ ಒಂದೊಂದು ಹೆಜ್ಜೆಯನ್ನೂ ನಂಬುವುದು ಅದು ಸ್ಪಷ್ಟವಾಗಿ ಕಂಡದ್ದರಿಂದಲೇ! ಆಗಿನ್ನೂ 29 ವರ್ಷದ ಫ್ರೆಂಚ್ ದೇವತಾಶಾಸ್ತ್ರಜ್ಞ ಆಂತ್ವಾನ್ ಆರ್ನೋ ನಾಲ್ಕನೆಯ ಆಕ್ಷೇಪಗಳಲ್ಲಿ ಇದನ್ನು ಎರಡೇ ವಾಕ್ಯಗಳಲ್ಲಿ ಹಿಡಿದುಕೊಟ್ಟ. ಹೊಸದಾಗಿ ಬೆಂಗಳೂರಿಗೆ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ: ಖಾತೆ ತೆರೆಯಲು ವಿಳಾಸದ ದಾಖಲೆ ಕೊಡಿ, ವಿಳಾಸದ ದಾಖಲೆಗೆ ಪಾಸ್‌ಬುಕ್ ತನ್ನಿ.

ದೆಕಾರ್ತನ ಉತ್ತರ ನೆನಪಿನ ಮೇಲೆ ನಿಂತಿದೆ. ತ್ರಿಕೋನವೊಂದನ್ನು ಬರೆಯಿರಿ. ಮೇಲಿನ ಶೃಂಗದ ಮೂಲಕ ತಳಕ್ಕೆ ಸಮಾಂತರವಾಗಿ ಗೆರೆ ಎಳೆಯಿರಿ. ತಳದ ಎರಡು ಕೋನಗಳಿಗೆ ಸಮನಾದ ಪರ್ಯಾಯ ಕೋನಗಳು ಮೇಲೆ, ಶೃಂಗದ ಕೋನದ ಎಡಕ್ಕೂ ಬಲಕ್ಕೂ ಬಂದು ಕೂರುತ್ತವೆ. ಮೂರೂ ಸೇರಿ ಒಂದು ಸರಳರೇಖೆ, ಅಂದರೆ 180 ಡಿಗ್ರಿ. ಇದನ್ನು ಕಣ್ಣೆದುರು ಹಿಡಿದಿರುವಷ್ಟು ಹೊತ್ತು ಶಂಕಿಸಲು ಮನಸ್ಸಿಗೆ ಸಾಧ್ಯವೇ ಆಗದು. ತಿಂಗಳು ಕಳೆದ ಮೇಲೆ ‘180 ಎಂದು ಆಗ ಸಾಧಿಸಿದ್ದೆ’ ಎಂಬುದಷ್ಟೇ ಉಳಿದಿರುತ್ತದೆ. ವಂಚಕನ ಶಂಕೆ ನುಸುಳುವುದು ಆಗ. ದೇವರ ಖಾತರಿ ಬೇಕಾಗುವುದೂ ಆಗಲೇ. ದೇವರನ್ನು ಸಾಧಿಸುತ್ತಿರುವಾಗಿನ ಹೆಜ್ಜೆಗಳಿಗೆ ಆ ಖಾತರಿ ಬೇಡ, ಅವು ಕಣ್ಣೆದುರೇ ಇವೆ. ಹೀಗಾಗಿ ಸುತ್ತಿಲ್ಲ ಎನ್ನುತ್ತಾನೆ.

ಜಾಣ ಉತ್ತರ, ಆದರೆ ಎರಡು ಕಡೆ ಸೋರುತ್ತದೆ. ‘ಶಂಕಿಸಲಾಗದು’ ಎಂಬುದು ನನ್ನ ಮನಸ್ಸಿನ ಸ್ಥಿತಿ, ‘ನಿಜ’ ಎಂಬುದು ವಸ್ತುಸ್ಥಿತಿ. ವಂಚಕನನ್ನು ತಂದದ್ದೇ ಇವೆರಡರ ನಡುವೆ ಬಿರುಕು ಬಿಡಿಸಲು. ‘ನಾನಿದ್ದೇನೆ’ ಎಂಬಲ್ಲಿ ಮಾತ್ರ ಆ ಬಿರುಕು ತಾನಾಗಿ ಮುಚ್ಚುತ್ತದೆ, ಏಕೆಂದರೆ ಅಲ್ಲಿ ಶಂಕೆಯೇ ಸಾಕ್ಷಿ. ತ್ರಿಕೋನಕ್ಕೆ ಅಂಥ ಸೌಲಭ್ಯವಿಲ್ಲ. ಅದನ್ನು ಶಂಕಿಸಿದ ಮಾತ್ರಕ್ಕೆ ಅದರ ಕೋನಗಳು 180 ಆಗಿಬಿಡವು.

ಎರಡನೆಯ ಸೋರಿಕೆಯನ್ನು ನೀವೇ ಹಿಡಿಯಬಹುದು. ಮೂರನೆಯ ಧ್ಯಾನ ಓದುವಾಗ ಒಂದು ಹಾಳೆ ಇಟ್ಟುಕೊಂಡು, ಪ್ರತಿ ಮಾತಿನಿಂದಲೂ ಅದು ಆತುಕೊಂಡಿರುವ ಮಾತಿಗೆ ಬಾಣ ಎಳೆಯುತ್ತ ಹೋಗಿ. ‘ಕಾರ್ಯದಲ್ಲಿರುವಷ್ಟಾದರೂ ವಾಸ್ತವತೆ ಕಾರಣದಲ್ಲಿರಲೇಬೇಕು’ ಎಂಬ ಸಾಲು ಬಂದಾಗ ನಿಲ್ಲಿ. ದೇವರ ಸಾಧನೆಯ ಭಾರವೆಲ್ಲ ಆ ಸಾಲಿನ ಮೇಲಿದೆ. ಅದು ಎರಡಕ್ಕೆ ಮೂರು ಸೇರಿದರೆ ಐದು ಎಂಬಷ್ಟು ಸ್ಪಷ್ಟವಾಗಿ ನಿಮಗೆ ಕಾಣದಿದ್ದರೆ, ನಿಮ್ಮ ಬಾಣ ಹೋಗಬೇಕಾದ ಜಾಗ ಹಾಳೆಯಲ್ಲಿ ಖಾಲಿಯಿರುತ್ತದೆ.