ಹಳದಿ ಕಂಡರೆ ಹಳೆಯ ಪೆಟ್ಟೇ?

ಪ್ರಶ್ನೆ: ಅಪ್ಪನಿಗೆ 74 ವರ್ಷ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಮರೆವು ಜಾಸ್ತಿ. ಭಾನುವಾರ ಮಧ್ಯಾಹ್ನ ನೋಡಿದಾಗ ತೊಡೆಯ ಹೊರಬದಿಯಲ್ಲಿ ಅಂಗೈಯಗಲ ನೀಲಿಗಟ್ಟಿತ್ತು, ಮುಂಗೈ ಮೇಲೆ ಕಡು ನೇರಳೆ ಕಲೆಗಳು, ಮೊಣಕಾಲಿನ ಕೆಳಗೆ ಹಳದಿ. ಅವರನ್ನು ನೋಡಿಕೊಳ್ಳುವಾಕೆ, "ಶುಕ್ರವಾರ ಬೆಳಿಗ್ಗೆ ಮಂಚದಿಂದ ಇಳಿಯುವಾಗ ಜಾರಿಬಿದ್ದರು, ಅದೊಂದೇ ಸಲ" ಎನ್ನುತ್ತಾರೆ. ಆದರೆ ಹಳದಿ ಎಂದರೆ ಐದಾರು ದಿನದ ಹಳೆಯ ಪೆಟ್ಟು ಅಂತ ಒಂದು ಪಟ್ಟಿಯಲ್ಲಿ ಓದಿದೆ. ಮೂರು ಬಣ್ಣ ಇದ್ದರೆ ಮೂರು ಸಲ ಪೆಟ್ಟು ಬಿದ್ದಿದೆ ಅಂತ ಅಲ್ವಾ?

ಉತ್ತರ: ಬಣ್ಣದ ಮಾತಿಗೆ ಮೊದಲು ಒಂದು ವಿಷಯ. ಬಿದ್ದಾಗ ತಲೆಗೆ ಏನಾದರೂ ತಾಗಿತ್ತಾ ಎಂದು ಇವತ್ತೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ತಲೆಯೊಳಗೆ ನಿಧಾನವಾಗಿ ರಕ್ತ ಸೋರಬಹುದು, ಅದರ ಲಕ್ಷಣ ಎಷ್ಟೋ ದಿನ ಬಿಟ್ಟು ಕಾಣಿಸಬಹುದು. ತಲೆಗೆ ತಾಗಿದ್ದರೆ, ಅಥವಾ ತಾಗಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲದಿದ್ದರೆ, ಅವರು ಚೆನ್ನಾಗಿಯೇ ಇದ್ದಾರೆ ಎನಿಸಿದರೂ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಬಣ್ಣಕ್ಕೆ ಬರೋಣ. ನೀವು ಓದಿದಂಥ ಪಟ್ಟಿಗಳನ್ನು ನಾನೂ ನೋಡಿದ್ದೇನೆ, ದಿನಗಳು ಒಂದೊಂದರಲ್ಲಿ ಒಂದೊಂದು ಥರ. ಒಂದರಲ್ಲಿ ಮೊದಲ ದಿನ ಕೆಂಪು, ಆಮೇಲೆ ನೀಲಿ ಅಥವಾ ನೇರಳೆ, ಐದನೇ ದಿನದ ಹೊತ್ತಿಗೆ ಹಸಿರು, ಏಳನೇ ದಿನ ಹಳದಿ, ಕೊನೆಗೆ ಕಂದು. ಸರದಿಯೇನೋ ಪೂರ್ತಿ ಸುಳ್ಳಲ್ಲ. ಅದರ ಪಕ್ಕದಲ್ಲಿ ಬರೆದ ದಿನಗಳನ್ನು ಮಾತ್ರ ನಂಬಲಾಗುವುದಿಲ್ಲ.

ಪೆಟ್ಟು ಬಿದ್ದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಸುತ್ತಲಿನ ಮಾಂಸ, ಕೊಬ್ಬಿನೊಳಗೆ ಹರಡುತ್ತದೆ. ಹಾಗೆ ಸೋರಿದ ರಕ್ತವನ್ನು ದೇಹ ಹಾಗೇ ಬಿಡುವುದಿಲ್ಲ. ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಬಂದು ಕೆಂಪು ಕಣಗಳನ್ನು ನುಂಗಿ, ಅವುಗಳಲ್ಲಿರುವ ಹಿಮೋಗ್ಲೋಬಿನ್ ಅನ್ನು ಒಡೆಯುತ್ತವೆ. ಅದರಿಂದ ಮೊದಲು ಬರುವುದು ಬಿಲಿವರ್ಡಿನ್, ಅದರ ಬಣ್ಣ ಹಸಿರು. ಅದು ಬಹುಬೇಗ ಬಿಲಿರುಬಿನ್ ಆಗುತ್ತದೆ, ಅದು ಹಳದಿ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೂ ಇದೇ ಬಿಲಿರುಬಿನ್‌ನಿಂದ. ಉಳಿದ ಕಬ್ಬಿಣದ ಅಂಶ ಹಿಮೋಸಿಡೆರಿನ್ ಎಂಬ ಕಂದು ಪದಾರ್ಥವಾಗಿ ಅಲ್ಲೇ ಕೂರುತ್ತದೆ. ಕೆಲವರಿಗೆ ಮಾಸಲು ಕಂದು ಕಲೆ ವಾರಗಟ್ಟಲೆ ಉಳಿಯುವುದು ಅದಕ್ಕೇ.

ಈ ಕೆಲಸ ಇಡೀ ಕಲೆಯಲ್ಲಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ರಕ್ತ ತೆಳುವಾಗಿ ಹರಡಿರುವ ಅಂಚಿನಲ್ಲಿ ಬೇಗ ಮುಗಿಯುತ್ತದೆ, ದಪ್ಪಗೆ ಕೂಡಿರುವ ನಡುವಿನಲ್ಲಿ ತಡವಾಗುತ್ತದೆ. ನಡುವೆ ನೇರಳೆ, ಅದರ ಸುತ್ತ ಹಸಿರು, ಹೊರಗೆ ಹಳದಿ ಅಂಚು ಇರುವ ಕಲೆಯನ್ನು ನೀವೂ ನೋಡಿರುತ್ತೀರಿ. ಒಂದೇ ಪೆಟ್ಟಿನ ಒಂದೇ ಕಲೆಯಲ್ಲಿ ಮೂರು ಬಣ್ಣ! ಹಾಗಿರುವಾಗ ಮೂರು ಜಾಗದಲ್ಲಿ ಮೂರು ಬಣ್ಣ ಇದೆ ಎಂದು ಮೂರು ದಿನಾಂಕ ಹೇಳಲು ಹೇಗೆ ಸಾಧ್ಯ?

ನೀಲಿಯದು ಬೇರೆಯೇ ಕಥೆ. ಅದು ಹಿಮೋಗ್ಲೋಬಿನ್ ಒಡೆದು ಬಂದ ಬಣ್ಣವೇ ಅಲ್ಲ. ಚರ್ಮದೊಳಗೆ ಆಳಕ್ಕೆ ಇಳಿಯುವ ಕೆಂಪು ಬೆಳಕನ್ನು ಅಲ್ಲಿರುವ ರಕ್ತ ಹೀರಿಕೊಳ್ಳುತ್ತದೆ. ನೀಲಿ ಬೆಳಕು ಅಷ್ಟು ಆಳಕ್ಕೆ ಹೋಗದೆ ಮೇಲಿನ ಪದರದಲ್ಲೇ ಚೆದುರಿ ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಕೈಯ ರಕ್ತನಾಳ ನೀಲಿಯಾಗಿ ಕಾಣುತ್ತದಲ್ಲ, ಹಾಗೆಯೇ. ಅಂದರೆ ನೀಲಿ ಬಣ್ಣ ರಕ್ತ ಎಷ್ಟು ಆಳದಲ್ಲಿದೆ ಎಂಬುದನ್ನೇ ಹೆಚ್ಚು ಹೇಳುತ್ತದೆ, ಎಷ್ಟು ಹಳೆಯದು ಎಂಬುದನ್ನಲ್ಲ. ಆಳದ ಪೆಟ್ಟು ಮೊದಲ ಸಲ ಕಣ್ಣಿಗೆ ಬೀಳುವಾಗಲೇ ನೀಲಿಯಾಗಿರಬಹುದು, ವಾರದ ನಂತರವೂ ನೀಲಿಯಾಗಿಯೇ ಇರಬಹುದು.

ಹಾಗಾದರೆ ಬಣ್ಣದಿಂದ ಏನೂ ತಿಳಿಯುವುದಿಲ್ಲವೇ? ಒಂದು ವಿಷಯ ತಿಳಿಯುತ್ತದೆ, ಅದೂ ಹಳದಿಯಿಂದ ಮಾತ್ರ. 1991ರಲ್ಲಿ ಲ್ಯಾಂಗ್ಲಾಯ್ಸ್ ಮತ್ತು ಗ್ರೆಶಮ್ ಎಂಬ ವೈದ್ಯರು, ಪೆಟ್ಟು ಬಿದ್ದ ಹೊತ್ತು ಖಚಿತವಾಗಿ ಗೊತ್ತಿದ್ದ ಕಲೆಗಳ ಫೋಟೋಗಳನ್ನು ಪರಿಶೀಲಿಸಿದರು. 18 ಗಂಟೆಗಿಂತ ಹೊಸದಾದ ಯಾವ ಕಲೆಯಲ್ಲೂ ಅವರಿಗೆ ಹಳದಿ ಕಾಣಲಿಲ್ಲ. ಕೆಂಪು, ನೀಲಿ, ನೇರಳೆ ಮಾತ್ರ ಮೊದಲ ಗಂಟೆಯಿಂದ ಕಲೆ ಮಾಯುವವರೆಗೆ ಯಾವಾಗ ಬೇಕಾದರೂ ಇದ್ದವು. ಹಸಿರು, ಹಳದಿ ಬರುವ ಮೊದಲು ಮ್ಯಾಕ್ರೋಫೇಜ್‌ಗಳು ಬಂದು ಕೆಲಸ ಶುರು ಮಾಡಬೇಕಲ್ಲ, ಅದಕ್ಕೆ ಹೊತ್ತು ಹಿಡಿಯುತ್ತದೆ.

ಈ ನಿಯಮ ಒಂದೇ ದಿಕ್ಕಿನಲ್ಲಿ ಓಡುತ್ತದೆ, ಜನ ಎಡವುವುದು ಇಲ್ಲೇ. ಸ್ಪಷ್ಟ ಹಳದಿ ಇದ್ದರೆ ಪೆಟ್ಟು ಸುಮಾರು ಮುಕ್ಕಾಲು ದಿನಕ್ಕಿಂತ ಹಳೆಯದು. ಹಳದಿ ಇಲ್ಲದಿದ್ದರೆ ಪೆಟ್ಟು ಹೊಸದು ಎಂದು ಅರ್ಥವಲ್ಲ, ಕೆಲವು ಕಲೆಗಳು ಹಳದಿ ತೋರಿಸದೆಯೇ ಮಾಯುತ್ತವೆ. ಹಳದಿ ಇದ್ದ ಮಾತ್ರಕ್ಕೆ ಐದು ದಿನ ಎಂದೂ ಅಲ್ಲ. ಅದು ಒಂದೂವರೆ ದಿನದ್ದಿರಬಹುದು, ಎರಡು ವಾರದ್ದಿರಬಹುದು. ಕಾಮಾಲೆ ಇರುವವರಲ್ಲಂತೂ ಈ ನಿಯಮವನ್ನೇ ಬಳಸಬಾರದು, ಅವರ ರಕ್ತದಲ್ಲಿ ಮೊದಲೇ ಹಳದಿ ಇರುತ್ತದೆ.

ಈಗ ನಿಮ್ಮ ಅಪ್ಪನ ಲೆಕ್ಕ ಹಾಕೋಣ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಿದ್ದರು, ಭಾನುವಾರ ಮಧ್ಯಾಹ್ನ ಒಂದಕ್ಕೆ ನೀವು ನೋಡಿದಿರಿ ಎಂದುಕೊಳ್ಳಿ. 54 ಗಂಟೆಯಾಯಿತು. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಬರೀ ತೆಳು ಚರ್ಮ. ಅಲ್ಲಿ ಸ್ವಲ್ಪ ರಕ್ತ ಮೇಲೆಯೇ ಹರಡಿದ್ದರೆ 54 ಗಂಟೆಯಲ್ಲಿ ಹಳದಿಯಾಗುವುದು ಸಹಜ. ತೊಡೆಯಲ್ಲಿ ದಪ್ಪ ಮಾಂಸ, ಜೊತೆಗೆ ರಕ್ತ ತೆಳುವಾಗಿಸುವ ಮಾತ್ರೆ. ಅಲ್ಲಿ ರಕ್ತ ಹೆಚ್ಚು ಸೋರುತ್ತದೆ, ಆಳದಲ್ಲಿ ಕೂರುತ್ತದೆ, ನೀಲಿಯಾಗಿ ಕಾಣುತ್ತದೆ. ಹೀಗೆ ಒಂದೇ ಸಲ ಬಿದ್ದ ಪೆಟ್ಟಿಗೆ ಎರಡು ಬಣ್ಣ ಬರಬಹುದು.

ಮುಂಗೈ ಮೇಲಿನ ನೇರಳೆ ಕಲೆಗಳಿಗೂ ಆ ಬೀಳುವಿಕೆಗೂ ಸಂಬಂಧವೇ ಇಲ್ಲದಿರಬಹುದು. ವಯಸ್ಸಾದವರ ಮುಂಗೈಯಲ್ಲಿ ಬಿಸಿಲು ತಿಂದ ಚರ್ಮ ಕಾಗದದಂತೆ ತೆಳುವಾಗುತ್ತದೆ. ರಕ್ತನಾಳಗಳಿಗೆ ಆಧಾರ ಕಡಿಮೆಯಾಗಿ, ಟವೆಲ್ ಉಜ್ಜಿದರೂ ರಕ್ತ ಒಸರುತ್ತದೆ. ಎಷ್ಟೋ ಸಲ ಅವರಿಗೆ ನೋವೂ ಆಗಿರುವುದಿಲ್ಲ. ಈ ಕಲೆಗಳು ಅಂಚು ಸ್ಪಷ್ಟವಾಗಿ, ಕಡು ನೇರಳೆಯಾಗಿ ಇರುತ್ತವೆ. ಸಾಮಾನ್ಯವಾಗಿ ಹಸಿರು, ಹಳದಿ ಎಂದು ಸರದಿಯಂತೆ ಬದಲಾಗದೆ ಒಂದರಿಂದ ಮೂರು ವಾರದಲ್ಲಿ ಮಾಸಿ ಕಂದು ಬಣ್ಣ ಉಳಿಸುತ್ತವೆ. ಇಂಥವನ್ನು ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಯಾವಾಗಲೂ ಹೊಸ ಪೆಟ್ಟು ಎಂದೇ ಅನಿಸುತ್ತದೆ.

ಆದ್ದರಿಂದ ಆಕೆಯ ಮಾತಿಗೂ ನೀವು ಕಂಡ ಬಣ್ಣಗಳಿಗೂ ವಿರೋಧವಿಲ್ಲ. "ಇವತ್ತು ಬೆಳಿಗ್ಗೆಯಷ್ಟೇ ಬಿದ್ದರು, ಹಳದಿಯೂ ಆಗಲೇ ಆದದ್ದು" ಎಂದಿದ್ದರೆ ನಾನು ಹುಬ್ಬೇರಿಸುತ್ತಿದ್ದೆ. ಆದರೆ ವಿರೋಧವಿಲ್ಲ ಎಂದರೆ ಮಾತು ನಿಜ ಎಂದು ಸಾಬೀತಾಯಿತು ಎಂದಲ್ಲ. ಅದೇ ಬಣ್ಣಗಳು ಬುಧವಾರದ ಪೆಟ್ಟಿಗೂ ಹೊಂದುತ್ತವೆ.

ನೋಡುವ ಕಣ್ಣಿನ ವಿಷಯವೂ ಇದೆ. 2004ರ ಒಂದು ಅಧ್ಯಯನದಲ್ಲಿ, ಹಳದಿಯನ್ನು ಗುರುತಿಸುವ ಶಕ್ತಿ ಒಬ್ಬರಿಂದೊಬ್ಬರಿಗೆ ಬೇರೆ, ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ ಎಂದು ಕಂಡುಬಂತು. ನಾನೇ ಒಮ್ಮೆ ಕಿರಿಯ ಸಹೋದ್ಯೋಗಿಯೊಬ್ಬರ ಜೊತೆ ಒಂದೇ ಕಲೆಯನ್ನು ನೋಡುತ್ತಾ ಅದು ಕಂದೋ ಹಳದಿಯೋ ಎಂದು ವಾದಕ್ಕಿಳಿದಿದ್ದೆ. ಕಿಟಕಿಯ ಬಳಿ ಹೋದ ಮೇಲೆ ಸೋತವನು ನಾನು. ಹಳದಿ ಬಲ್ಬಿನ ಕೆಳಗೆ ಹಳದಿ ಚರ್ಮದಲ್ಲಿ ಬೆರೆತುಹೋಗುತ್ತದೆ. ಮೊಬೈಲ್ ಕ್ಯಾಮರಾ ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ. ಕಪ್ಪು ಚರ್ಮದಲ್ಲಿ ಹಳದಿ, ಹಸಿರು ಕಾಣುವುದೇ ಕಷ್ಟ. ಅಲ್ಲಿ ಬಣ್ಣಕ್ಕಿಂತ ಊತ, ಬಿಸಿ, ಮುಟ್ಟಿದರೆ ನೋವು ಇವೇ ಹೆಚ್ಚು ಹೇಳುತ್ತವೆ. ಮಕ್ಕಳ ಕಲೆಗಳ ಬಗ್ಗೆ ಆವರೆಗೆ ನಡೆದ ಅಧ್ಯಯನಗಳನ್ನೆಲ್ಲ 2005ರಲ್ಲಿ ಒಟ್ಟಿಗೆ ಪರಿಶೀಲಿಸಿದವರೂ, ನೇರ ನೋಡಿಯಾಗಲಿ ಫೋಟೋ ನೋಡಿಯಾಗಲಿ ಪೆಟ್ಟಿನ ವಯಸ್ಸನ್ನು ನಿಖರವಾಗಿ ಹೇಳಲಾಗದು ಎಂದೇ ತೀರ್ಮಾನಿಸಿದರು.

ನಿಮ್ಮ ಅನುಮಾನವನ್ನು ಸುಮ್ನೆ ತಳ್ಳಿಹಾಕಿ ಎನ್ನುತ್ತಿಲ್ಲ. ಮರೆವಿರುವ ಹಿರಿಯರ ವಿಷಯದಲ್ಲಿ ಕೇಳುವುದು ಸರಿಯೇ. ಆದರೆ ಬಣ್ಣ ಬಿಟ್ಟು ಜಾಗ ಮತ್ತು ಆಕಾರ ನೋಡಿ. ಬಿದ್ದಾಗ ಪೆಟ್ಟು ಬೀಳುವುದು ಮೂಳೆ ಎದ್ದಿರುವ ಕಡೆ: ಸೊಂಟದ ಬದಿ, ಮೊಣಕಾಲು, ಮೊಣಕೈ, ಹಣೆ. ತೋಳಿನ ಒಳಬದಿಯಲ್ಲಿ ಬೆರಳೊತ್ತಿದಂತೆ ಸಾಲಾಗಿ ದುಂಡು ಕಲೆಗಳು, ಕಿವಿ, ಕುತ್ತಿಗೆ, ತೊಡೆಯ ಒಳಭಾಗ, ಬೆನ್ನಿನ ಮೇಲೆ ಕಲೆ, ಎರಡು ಗೆರೆಗಳ ನಡುವೆ ತಿಳಿ ಚರ್ಮ ಇರುವ ಬಾಸುಂಡೆ, ಇವಕ್ಕೆ ಜಾರಿಬಿದ್ದ ಕಥೆ ಅಷ್ಟಾಗಿ ಹೊಂದುವುದಿಲ್ಲ. ಆಸರೆ ಕೊಟ್ಟು ಎಬ್ಬಿಸುವಾಗಲೂ ತೋಳಿನಲ್ಲಿ ಬೆರಳಿನ ಗುರುತು ಬೀಳಬಹುದು, ಅದನ್ನೂ ನೆನಪಿಡಿ. ಅಂಥ ಕಲೆಗಳು ಕಂಡರೆ ಆಕೆಯ ಮೇಲೆ ಹಾರಾಡುವ ಬದಲು ವೈದ್ಯರಿಗೆ ತೋರಿಸಿ, ಅವರು ಮೈಯೆಲ್ಲ ನೋಡಿ ಬರೆದಿಡಲಿ.

ಈಗಿರುವ ಕಲೆಗಳ ಫೋಟೋ ಬೇಕಿದ್ದರೆ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಂದು ಹತ್ತಿರದಿಂದ, ಒಂದು ದೂರದಿಂದ ತೆಗೆಯಿರಿ. ದಿನಾಂಕ, ಹೊತ್ತು ಬರೆದಿಡಿ. ತೊಡೆಯ ನೀಲಿಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡುವುದೂ ಒಳ್ಳೆಯದು. ಊತ ಹೆಚ್ಚುತ್ತಾ, ಬಿಗಿಯಾಗುತ್ತಾ, ನೋವು ಏರುತ್ತಾ ಗೆರೆ ದಾಟಿದರೆ ಒಳಗೆ ರಕ್ತ ಇನ್ನೂ ಸೋರುತ್ತಿದೆ ಎಂದು ತಿಳಿದು ಅದೇ ದಿನ ತೋರಿಸಿ.

ಆದರೆ ಮುಂದಿನ ದಿನಗಳಲ್ಲಿ ಊತವಿಲ್ಲದೆ, ನೋವೂ ಇಲ್ಲದೆ, ತೊಡೆಯ ಬಣ್ಣ ಕೆಳಗಿಳಿದು ಮೊಣಕಾಲಿನ ಹಿಂದೆಯೋ ಕಾಲಿನ ಮೀನಖಂಡದಲ್ಲೋ ಕಂಡರೆ ಗಾಬರಿ ಬೇಡ. ಆಳದ ರಕ್ತ ಮಾಂಸದ ಪದರಗಳ ನಡುವೆ ಇಳಿಜಾರಿಗೆ ಹರಿದು, ಪೆಟ್ಟೇ ಬೀಳದ ಜಾಗದಲ್ಲಿ ಮೇಲೆ ಬರುತ್ತದೆ. ಹಣೆಗೆ ತಾಗಿದವರಿಗೆ ಎರಡು ದಿನ ಬಿಟ್ಟು ಕಣ್ಣಿನ ಸುತ್ತ ಕಪ್ಪಾಗುವುದೂ ಎಷ್ಟೋ ಸಲ ಹೀಗೆಯೇ. ನಿಮ್ಮ ಅಪ್ಪನ ಹಣೆ ಅಥವಾ ತಲೆಗೆ ತಾಗಿದ್ದು ನಿಮಗೆ ಗೊತ್ತಿಲ್ಲದೆ ಕಣ್ಣಿನ ಸುತ್ತ, ಕಿವಿಯ ಹಿಂದೆ ಹಾಗೆ ಕಂಡರೆ ಮಾತ್ರ ಕಾಯದೆ ಹೊರಡಿ.