ಟೂಲ್‌ಬಾಕ್ಸ್ ಫೋಟೋದಲ್ಲಿರುವ ಬಿಟ್, ಬ್ಲೇಡ್, ಡಿಸ್ಕ್ ಯಾವುದಕ್ಕೆ?

ಪ್ರಶ್ನೆ: ಅಪ್ಪನ ಟೂಲ್‌ಬಾಕ್ಸ್ ಫೋಟೋ ಹಾಕಿದ್ದೇನೆ. ಮೂರು ಡ್ರಿಲ್ ಬಿಟ್, ಒಂದು ಬ್ಲೇಡ್, ಎರಡು ಡಿಸ್ಕ್ ಇವೆ. ಯಾವುದು ಯಾವುದಕ್ಕೆ?

ಉತ್ತರ: ಬಿಟ್‌ನ ಬಣ್ಣ ಬಿಡಿ, ತುದಿ ನೋಡಿ. ಎಡಗಡೆಯದರ ತುದಿಯಲ್ಲಿ ಬೇರೆ ಲೋಹದ ಚೂರು ಬೆಸೆದಿದೆ, ಕಡ್ಡಿಗಿಂತ ತುಸು ಅಗಲವಾಗಿದೆ ಅಲ್ವಾ? ಅದು ಕಾರ್ಬೈಡ್. ಇಟ್ಟಿಗೆ, ಕಾಂಕ್ರೀಟ್‌ಗೆ. ನಡುವಿನದರ ಮಧ್ಯದಲ್ಲಿ ಮೊಳೆಯಂಥ ಚೂಪು ಇದೆ, ಅದು ಮರಕ್ಕೆ. ಮೂರನೆಯದರ ತುದಿ ಬರೀ ಇಳಿಜಾರು. ಅದು ಕಬ್ಬಿಣ, ಅಲ್ಯೂಮಿನಿಯಂ ಕೊರೆಯುವ ಎಚ್‌ಎಸ್‌ಎಸ್, ಅಂದರೆ ಹೈಸ್ಪೀಡ್ ಸ್ಟೀಲ್ ಬಿಟ್. ಮರಕ್ಕೂ ನಡೆಯುತ್ತದೆ. ಆದರೆ ಕಾಂಕ್ರೀಟ್‌ಗೆ ಹಾಕಿದರೆ ಬೇಗ ಮೊಂಡಾಗುತ್ತದೆ, ಕಾದು ತುದಿ ನೀಲಿಯಾಗುತ್ತದೆ.

ಬ್ಲೇಡ್‌ಗೆ ಹಲ್ಲಿಲ್ಲ, ಅಂಚಿನಲ್ಲಿ ಸೀಳುಗಳಿವೆ. ಡೈಮಂಡ್ ಬ್ಲೇಡ್ ಅದು, ಕಲ್ಲು ಮತ್ತು ಕಾಂಕ್ರೀಟ್‌ಗೆ.

ಡಿಸ್ಕ್‌ಗಳಲ್ಲಿ ಮಾತ್ರ ಜಾಸ್ತಿ ಜಾಗ್ರತೆ ಬೇಕು. ತೆಳುವಾದದ್ದು, ಸುಮಾರು 1 ಮಿ.ಮೀ., ಲೋಹ ಕತ್ತರಿಸಲು. ದಪ್ಪನೆಯದು, ಸುಮಾರು 6 ಮಿ.ಮೀ., ಬೆಸುಗೆಯ ಉಬ್ಬನ್ನು ಉಜ್ಜಿ ಸಮ ಮಾಡಲು. ತೆಳು ಡಿಸ್ಕ್‌ನ ಪಕ್ಕದಿಂದ ಎಂದೂ ಉಜ್ಜಬೇಡಿ, ಬಾಗಿ ಒಡೆದು ಚೂರುಗಳು ಸಿಡಿಯುತ್ತವೆ. ಯಾವ ಡಿಸ್ಕ್ ಆದರೂ ಅದರ ಮೇಲೆ ಬರೆದ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಸುತ್ತುಗಳ ಸಂಖ್ಯೆ, ನಿಮ್ಮ ಆಂಗಲ್ ಗ್ರೈಂಡರ್‌ನದಕ್ಕಿಂತ ಕಡಿಮೆ ಇರಬಾರದು. ನಡುವಿನ ಲೋಹದ ಉಂಗುರದಲ್ಲಿ ಅವಧಿ ಮುಗಿಯುವ ತಿಂಗಳು, ವರ್ಷ ಇರುತ್ತದೆ. ಫೋಟೋದಲ್ಲಿ ಅದು ಕಾಣುತ್ತಿಲ್ಲ, ಹತ್ತಿರದಿಂದ ಓದಿ. ಮುಗಿದಿದ್ದರೆ ಎಸೆದುಬಿಡಿ.